ರಕ್ತದಲ್ಲಿ ಪೊಟ್ಯಾಸಿಯಂ ಆಧಿಕ್ಯ ಮತ್ತು ಸೋಡಿಯಂ ಕೊರತೆ: ಲಕ್ಷಣಗಳು ಹಾಗೂ ಶುಶ್ರೂಷಾ ಕ್ರಮಗಳು

ರೂಪನಗುಡಿ, ಸಿರುಗುಪ್ಪ ಹಾಗೂ ಕುರುಗೋಡು ಭಾಗಗಳಲ್ಲಿ ಬೇಸಿಗೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಈ ಅವಧಿಯಲ್ಲಿ ನಿಶ್ಶಕ್ತಿ ಕಂಡುಬಂದಲ್ಲಿ ಎಳನೀರು ಕುಡಿಸುವುದು ರೂಢಿ. ಆರೋಗ್ಯವಂತರಿಗೆ ಇದರಿಂದ ಬಾಧಕವಿಲ್ಲ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಅಧಿಕವಾಗಿದ್ದು, ಅದನ್ನು ಹೊರಹಾಕಲಾರದ ಮೂತ್ರಪಿಂಡ ರೋಗಿಗಳಿಗೆ ಅದೇ ಪ್ರಾಣಾಪಾಯ ತರಬಹುದಾಗಿದೆ.

ಉದಾಹರಣೆಗೆ, ಮೂತ್ರಪಿಂಡದ ಕಾಯಿಲೆಯುಳ್ಳ 60 ವರ್ಷದ ರೈತರೊಬ್ಬರು ವಾರವಿಡೀ ದಿನಕ್ಕೆ ಎರಡು ಎಳನೀರು ಸೇವಿಸಿ, ಕಾಲುಗಳಲ್ಲಿ ಬಲವಿಲ್ಲವೆಂದು ಆಸ್ಪತ್ರೆಗೆ ಬರುತ್ತಾರೆಂದು ಭಾವಿಸಬಹುದು. ನಾಡಿ ನಿಧಾನವಾಗಿದ್ದು, ರಕ್ತದ ಪೊಟ್ಯಾಸಿಯಂ 7.1 ಇರುತ್ತದೆ. ಸಾಮಾನ್ಯ ಪ್ರಮಾಣವು ಲೀಟರಿಗೆ 3.5ರಿಂದ 5 ಮಿಲಿಮೋಲ್. ಶುಶ್ರೂಷಕರು ಮೊದಲು ಇಸಿಜಿ ತೆಗೆಯತಕ್ಕದ್ದು. ಟಿ ಅಲೆಯು ಎತ್ತರವಾಗಿ, ಮೊನಚಾಗಿ ಕಂಡಲ್ಲಿ ಹೃದಯಕ್ಕೆ ಅಪಾಯವಿದೆಯೆಂದು ತಿಳಿಯತಕ್ಕದ್ದು. ಇಸಿಜಿ ಸಹಜವಾಗಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸಬಾರದು.

ರಕ್ತ ತೆಗೆಯುವಾಗ ಕಟ್ಟು ಬಹಳ ಹೊತ್ತು ಬಿಗಿದಿದ್ದರೆ ಅಥವಾ ರಕ್ತಕಣಗಳು ಒಡೆದಿದ್ದರೆ ಪೊಟ್ಯಾಸಿಯಂ ಸುಳ್ಳಾಗಿ ಹೆಚ್ಚು ತೋರುತ್ತದೆ. ರೋಗಿಯು ಲಕ್ಷಣರಹಿತರಾಗಿದ್ದು ಇಸಿಜಿಯೂ ಸಹಜವಾಗಿದ್ದಲ್ಲಿ ಮಾದರಿಯನ್ನು ಮರುಪರೀಕ್ಷಿಸುವುದು ಉಚಿತ. ಇಸಿಜಿಯಲ್ಲಿ ಬದಲಾವಣೆಯಿದ್ದಲ್ಲಿ ಮರುಪರೀಕ್ಷೆಗಾಗಿ ಚಿಕಿತ್ಸೆಯನ್ನು ತಡೆಹಿಡಿಯತಕ್ಕದ್ದಲ್ಲ.

ವೈದ್ಯರ ಆದೇಶದಂತೆ ಶೇ. 10ರ ಕ್ಯಾಲ್ಸಿಯಂ ಗ್ಲುಕೋನೇಟನ್ನು ಇಸಿಜಿ ನೋಡುತ್ತ ನಿಧಾನವಾಗಿ ರಕ್ತನಾಳಕ್ಕೆ ನೀಡಲಾಗುವುದು. ಇದು ಹೃದಯವನ್ನು ರಕ್ಷಿಸುತ್ತದೆಯೇ ಹೊರತು ಪೊಟ್ಯಾಸಿಯಂ ತಗ್ಗಿಸುವುದಿಲ್ಲ. ಪರಿಣಾಮವೂ 30ರಿಂದ 60 ನಿಮಿಷ ಮಾತ್ರ. ಅನಂತರ ನೀಡುವ ಇನ್ಸುಲಿನ್ ಮತ್ತು ಗ್ಲೂಕೋಸ್ ಪೊಟ್ಯಾಸಿಯಂ ಅನ್ನು ಜೀವಕೋಶಗಳೊಳಕ್ಕೆ ಸರಿಸುತ್ತವೆ. ಇಲ್ಲಿ ಸಾಮಾನ್ಯವಾಗಿ ಆಗುವ ಲೋಪವೆಂದರೆ, ಚುಚ್ಚುಮದ್ದು ನೀಡಿ ಕೆಲಸ ಮುಗಿಯಿತೆಂದು ತಿಳಿಯುವುದು. ಸಕ್ಕರೆಯು ಕೆಲವು ಗಂಟೆಗಳ ನಂತರವೂ ಕುಸಿಯಬಹುದಾದ್ದರಿಂದ, ಕನಿಷ್ಠ ಆರು ಗಂಟೆಗಳ ಕಾಲ ಪದೇ ಪದೇ ಪರೀಕ್ಷಿಸತಕ್ಕದ್ದು. ಪೊಟ್ಯಾಸಿಯಂ ದೇಹದಿಂದ ಹೊರಹೋಗಬೇಕಾದಲ್ಲಿ ಮೂತ್ರ, ಔಷಧ ಅಥವಾ ಡಯಾಲಿಸಿಸ್ ಮೂಲಕವೇ ಆಗಬೇಕು.

ಸೋಡಿಯಂ ಕೊರತೆಯು ಇದಕ್ಕಿಂತ ಭಿನ್ನವಾದುದು. ರಕ್ತದ ಸೋಡಿಯಂ 135ಕ್ಕಿಂತ ಕಡಿಮೆಯಾದರೆ ಇದನ್ನು ಗುರುತಿಸಲಾಗುತ್ತದೆ. ರಕ್ತದೊತ್ತಡಕ್ಕೆ ಮೂತ್ರವರ್ಧಕ ಮಾತ್ರೆ ಸೇವಿಸುವ ವೃದ್ಧರು ಊಟ ಬಿಟ್ಟು ಬರಿಯ ನೀರನ್ನೇ ಕುಡಿದಾಗ ಇದು ಉಂಟಾಗಬಹುದು. ತಲೆನೋವು, ವಾಕರಿಕೆ, ಮಂಕುತನ ಕಂಡು, ತೀವ್ರವಾದಲ್ಲಿ ಫಿಟ್ಸ್ ಬರುತ್ತದೆ. ಮನೆಯವರು ಬಿಸಿಲಿನ ಸುಸ್ತೆಂದು ಮತ್ತಷ್ಟು ನೀರು ಕುಡಿಸಿದಲ್ಲಿ ಸ್ಥಿತಿ ಉಲ್ಬಣಿಸುತ್ತದೆ. ಹೃದಯದ ಕಾಯಿಲೆಯಿಂದ ಕಾಲು ಊದಿಕೊಂಡವರಲ್ಲಿಯೂ ಸೋಡಿಯಂ ಕಡಿಮೆ ಕಾಣಬಹುದು. ಅಂತಹವರಿಗೆ ಉಪ್ಪು ತಿನ್ನಿಸುವುದು ಪರಿಹಾರವಲ್ಲ.

ಫಿಟ್ಸ್ ಬಂದವರನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡತಕ್ಕದ್ದು. ಆಸ್ಪತ್ರೆಯಲ್ಲಿ ನೀಡುವ ಶೇ. 3ರ ಸಲೈನಿನ ವೇಗವನ್ನು ಶುಶ್ರೂಷಕರು ಕಟ್ಟುನಿಟ್ಟಾಗಿ ಗಮನಿಸಿ, ಸೇವಿಸಿದ ದ್ರವ, ಮೂತ್ರ ಮತ್ತು ತೂಕವನ್ನು ದಾಖಲಿಸಬೇಕು. ಸೋಡಿಯಂ 24 ಗಂಟೆಗಳಲ್ಲಿ 8ರಿಂದ 10 ಮಿಲಿಮೋಲಿಗಿಂತ ಹೆಚ್ಚು ಏರಬಾರದು. ಮೂತ್ರವು ಹಠಾತ್ತನೆ ಹೆಚ್ಚಿದಲ್ಲಿ ಸೋಡಿಯಂ ವೇಗವಾಗಿ ಏರುತ್ತಿರಬಹುದು. ಕೂಡಲೇ ವೈದ್ಯರ ಗಮನಕ್ಕೆ ತರತಕ್ಕದ್ದು. ಮಿತಿ ಮೀರಿ ಏರಿದಲ್ಲಿ ಮಿದುಳಿಗೆ ಹಾನಿಯಾಗಿ, ಕೆಲವು ದಿನಗಳ ನಂತರ ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಕಂಡುಬರುತ್ತದೆ.