ಹೈಬ್ರಿಡ್ ತೆನೆಯ ಕಾಳನ್ನೇ ಮತ್ತೆ ಬಿತ್ತಿದರೆ?

ಪ್ರಶ್ನೆ: ಹೈಬ್ರಿಡ್ ಬೆಳೆಯಿಂದ ಬೀಜ ಉಳಿಸಿ ಬಿತ್ತಿದರೆ ಫಸಲು ಏಕೆ ಏರುಪೇರಾಗುತ್ತದೆ?

ಉತ್ತರ: ಕತೆಯಲ್ಲೇ ಹೇಳುತ್ತೇನೆ. ರಾಣೆಬೆನ್ನೂರು ಕಡೆಯ ರೈತನೊಬ್ಬ ಹೈಬ್ರಿಡ್ ಗೋವಿನಜೋಳದ ದಪ್ಪ ತೆನೆಗಳನ್ನೇ ಆರಿಸಿ ಬೀಜಕ್ಕಿಟ್ಟ. ಮರುವರ್ಷ ಹೊಲದಲ್ಲಿ ಒಂದು ಗಿಡ ಮಗಳ ತಲೆ ಮೀರಿತ್ತು, ಪಕ್ಕದ್ದು ಎದೆಮಟ್ಟ. ತಡವಾಗಿ ತೆನೆ ಬಿಟ್ಟವಕ್ಕೆ ಪರಾಗ ಸಾಲದೆ ಕಾಳಿನ ನಡುವೆ ಸಂದುಗಳು.

“ಅಪ್ಪಾ, ಹೋದ ವರ್ಷ ಎಲ್ಲಾ ಒಂದ ಸಮ ಇದ್ದುವಲ್ಲ?” ಎಂದಳು.

ಅವಳು ಗಮನಿಸಿದ್ದು ಸರಿ. ಹೈಬ್ರಿಡ್ ಬೀಜ ಎರಡು ಶುದ್ಧ ತಳಿಗಳ ಮೊದಲ ಪೀಳಿಗೆ. ಎಲ್ಲ ಗಿಡಕ್ಕೂ ಒಂದೇ ಬಗೆಯ ಗುಣಗಳ ಜೋಡಿ. ಎರಡನೇ ಪೀಳಿಗೆಯಲ್ಲಿ ಆ ಜೋಡಿಗಳು ಒಡೆದು ಗಿಡಕ್ಕೊಂದು ಬಗೆಯಲ್ಲಿ ಕೂಡುತ್ತವೆ, ಸಂಕರದಿಂದ ಬಂದ ಕಸುವು ಸುಮಾರು ಅರ್ಧಕ್ಕಿಳಿಯುತ್ತದೆ. ದಪ್ಪ ತೆನೆ ಆರಿಸಿದರೂ ಇದು ತಪ್ಪದು. ಬೀಜ ಉಳಿಸಬೇಕೆಂದಿದ್ದರೆ ದಯವಿಟ್ಟು ಸಂಯುಕ್ತ ತಳಿ ಬಿತ್ತಿ.