ರಿವ್ಯೂ ಡೆಕ್‌ನಿಂದ ವಿದಾಯದ ಮೇಲ್

ನಾಳೆ ಆಫೀಸಿನಲ್ಲಿ ಲಾಸ್ಟ್ ಡೇ. ಟೀಮಿಗೆ ವಿದಾಯದ ಮೇಲ್ ಬರೀಬೇಕು, ಕೈಯಲ್ಲಿರೋದು ವರ್ಷದ ರಿವ್ಯೂ ಡೆಕ್. ಅದನ್ನೇ ಕಾಪಿ-ಪೇಸ್ಟ್ ಮಾಡ್ಬೇಡಿ. ಡೆಕ್ ಮಾಡಿದ್ದು ಮೇಲಿನವರಿಗೆ ತೋರಿಸೋಕೆ. ಮೇಲ್ ಓದೋರು ಆ ಕೆಲಸ ಮಾಡಿದವರು.

ಒಂದು ಸ್ಲೈಡಿನಲ್ಲಿ ‘ದೂರು ಬಗೆಹರಿಸುವ ಸರಾಸರಿ ಸಮಯ 9 ಗಂಟೆಯಿಂದ 6ಕ್ಕೆ, ಶೇ. 33 ಇಳಿಕೆ’ ಅಂತಿದೆ ಅನ್ಕೊಳ್ಳಿ. ಶೇಕಡಾ ಲೆಕ್ಕ ಬಿಡಿ, ಅದು ಬಾಸ್‌ಗೆ. ಗ್ರಾಫ್ ನೋಡಿ: ಗೆರೆ ಇಳಿಯೋಕೆ ಶುರುವಾಗಿದ್ದು ಯಾವ ತಿಂಗಳು? ಆಗ ಏನು ಬದಲಾಯ್ತು? ಈಗ ಬರೀರಿ: ‘ಜುಲೈನಲ್ಲಿ ನೈಟ್ ಶಿಫ್ಟಿನವರು ಬಾಕಿ ದೂರುಗಳನ್ನ ಒಂದು ಶೀಟಿನಲ್ಲಿ ಬರೆದಿಟ್ಟು ಹೋಗೋಕೆ ಶುರು ಮಾಡಿದ್ರಿ. ಬೆಳಗಿನವರು ಗ್ರಾಹಕರಿಗೆ ಅದೇ ಪ್ರಶ್ನೆ ಮತ್ತೆ ಕೇಳೋದು ತಪ್ಪಿತು. 9 ಗಂಟೆ 6 ಆಗಿದ್ದು ಅಲ್ಲಿಂದ.’

ಇಂಥವು ಎರಡು ಸಾಕು. ಹೆಸರು ಹಾಕೋದಾದ್ರೆ ಹುಷಾರು, ಬಿಟ್ಟುಹೋದವರಿಗೆ ಮೊದಲು ಕಾಣೋದು ಅದೇ. ಆದಾಯ, ಕ್ಲೈಂಟ್ ಹೆಸರು ಮಾತ್ರ ಬೇಡವೇ ಬೇಡ; ಇಂಥ ಮೇಲ್ ಎಲ್ಲೆಲ್ಲಿಗೋ ಫಾರ್ವರ್ಡ್ ಆಗುತ್ತೆ. ಬೆಳಗ್ಗೆಯೇ ಕಳಿಸಿ, ಸಂಜೆ ಹೊತ್ತಿಗೆ ನಿಮ್ಮ ಲಾಗಿನ್ ಬಂದ್ ಆಗಿರಬಹುದು.