ಈ ಕೋಡ್ ಬರೆದದ್ದು ಯಾರು?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಫ್ರೆಶರ್‌ಗಳು ಕಳಿಸುವ ರೆಸ್ಯೂಮೆಗಳಲ್ಲಿ ಅಂಕಪಟ್ಟಿಯ ವಿವರದ ಜೊತೆಗೆ ಒಂದು ಗಿಟ್‌ಹಬ್ ಲಿಂಕ್ ಇರುವುದು ಈಗ ಮಾಮೂಲು. ಇನ್ನೂ ಎಲ್ಲೂ ಸಂಬಳಕ್ಕೆ ದುಡಿಯದ ಹುಡುಗ ಹುಡುಗಿಯರು "ನನಗೆ ಕೆಲಸ ಬರುತ್ತದೆ" ಎಂದು ತೋರಿಸಲು ಇಟ್ಟುಕೊಂಡ ಸಾಕ್ಷಿ ಅದು. ಆ ಸಾಕ್ಷಿಯನ್ನು ತೂಗುವುದು ಹೇಗೆ ಎಂಬುದರಲ್ಲಿ ಮಾತ್ರ ಬಹಳಷ್ಟು ಸಂದರ್ಶಕರು ಎಡವುತ್ತಾರೆ.

ಅನುಭವದ ವರ್ಷಗಳನ್ನು ಎಣಿಸುವುದೇನೂ ದೊಡ್ಡ ಅಳತೆಗೋಲಲ್ಲ. ನೇಮಕಾತಿಯ ಬಗ್ಗೆ ನಡೆದ ಹಲವು ದಶಕಗಳ ಅಧ್ಯಯನಗಳನ್ನು 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಎಂಬ ಮನಶ್ಶಾಸ್ತ್ರಜ್ಞರು ಒಟ್ಟುಗೂಡಿಸಿ ನೋಡಿದರು. ಅಭ್ಯರ್ಥಿ ಮುಂದೆ ಹೇಗೆ ಕೆಲಸ ಮಾಡುತ್ತಾನೆ ಎಂಬುದನ್ನು ಅವನ ಅನುಭವದ ವರ್ಷಗಳು ಅಷ್ಟಾಗಿ ಹೇಳುವುದಿಲ್ಲ, ಕೆಲಸದ ಒಂದು ತುಣುಕನ್ನು ಎದುರಿಗೇ ಮಾಡಿಸಿ ನೋಡಿದರೆ ಹೆಚ್ಚು ತಿಳಿಯುತ್ತದೆ ಎಂಬುದು ಅವರಿಗೆ ಕಂಡಿತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕವನ್ನು ತಿದ್ದಿದಾಗ ಎರಡರ ಬೆಲೆಯೂ ಇಳಿಯಿತು. ಆದರೂ ಮಾಡಿಸಿ ನೋಡುವುದೇ ಮುಂದಿತ್ತು.

ಇಲ್ಲಿ "ಎದುರಿಗೆ" ಎಂಬುದನ್ನು ಮರೆಯಬಾರದು. ಗಿಟ್‌ಹಬ್‌ನಲ್ಲಿರುವುದು ನಮ್ಮ ಕಣ್ಣಿಗೆ ಬೀಳದಂತೆ, ಯಾರ ನೆರವಿನಿಂದಲೋ, ಎಷ್ಟು ಹೊತ್ತಿನಲ್ಲೋ ಆದ ಕೆಲಸ. ಫೈನಲ್ ಇಯರ್ ಪ್ರಾಜೆಕ್ಟನ್ನು ರಿಪೋರ್ಟ್ ಸಮೇತ ಮಾಡಿಕೊಡುವ ಅಂಗಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಗಾಗಿ ರೆಪಾಸಿಟರಿಯನ್ನು ತೆರೆದ ಕೂಡಲೇ ಅಂಕ ಹಾಕುವಂತಿಲ್ಲ. ಮರೆಯಲ್ಲಿ ಆದ ಆ ಕೆಲಸವನ್ನೇ ಹಿಡಿದುಕೊಂಡು ಎದುರಿಗೆ ಮಾಡುವ ಕೆಲಸವಾಗಿ ಮಾರ್ಪಡಿಸಬೇಕು. ಸಂದರ್ಶಕರ ಕಸುಬೆಲ್ಲ ಇರುವುದು ಅಲ್ಲೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಾಸನದ ಕಡೆಯ ಹುಡುಗಿಯೊಬ್ಬಳು ತನ್ನೂರಿನ ಹಾಲಿನ ಡೇರಿಗೆ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದಾಳೆ. ಬೆಳಗ್ಗೆ, ಸಂಜೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಬರೆದುಕೊಂಡು, ಹದಿನೈದು ದಿನಕ್ಕೊಮ್ಮೆ ಬಟವಾಡೆಯ ಲೆಕ್ಕ ತೆಗೆಯುತ್ತದೆ. ನೋಡಲು ಏನೇನೂ ಚೆಂದವಿಲ್ಲ, ಬಣ್ಣವಿಲ್ಲ. ಇನ್ನೊಬ್ಬ ಅಭ್ಯರ್ಥಿಯದು ಥಳಥಳ ಹೊಳೆಯುವ ಆನ್‌ಲೈನ್ ಅಂಗಡಿ. ಮೇಲ್ನೋಟಕ್ಕೆ ಎರಡನೆಯವನೇ ಗೆದ್ದ.

ಆದರೆ ಗಿಟ್ ಎಂಬ ಸಾಧನ ಕಡತಗಳನ್ನು ಮಾತ್ರವಲ್ಲ, ಅವುಗಳಲ್ಲಿ ಆದ ಒಂದೊಂದು ತಿದ್ದುಪಡಿಯನ್ನೂ ಬರೆದವರ ಟಿಪ್ಪಣಿಯೊಡನೆ ಕಾಪಿಡುತ್ತದೆ. ಆ ಒಂದೊಂದು ದಾಖಲೆಗೆ ಕಮಿಟ್ ಎನ್ನುತ್ತಾರೆ. ರೆಪಾಸಿಟರಿಯನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ಈ ಒಂದು ಸಾಲು ಕೊಟ್ಟರೆ ಮೊದಲ ದಿನದಿಂದ ಏನೇನಾಯಿತು ಎಂಬುದು ಸಾಲಾಗಿ ಬರುತ್ತದೆ:

```
git log --reverse --stat
```

ಡೇರಿಯ ಪ್ರೋಗ್ರಾಮಿನ ನಡುವೆ ಒಂದು ಕಡೆ ಬರೀ ಎರಡು ಸಾಲಿನ ತಿದ್ದುಪಡಿ ಇದೆ. ಟಿಪ್ಪಣಿಯಲ್ಲಿ "ಪ್ರತಿ ಹೊತ್ತಿನ ಮೊತ್ತವನ್ನೂ ರೌಂಡ್ ಮಾಡಬೇಕು, ಡೇರಿ ಪುಸ್ತಕದಲ್ಲಿ ಹಾಗೇ ಇದೆ" ಎಂದಿದೆ. ಲೆಕ್ಕ ಹಾಕಿ ನೋಡಿ: 3.7 ಲೀಟರಿಗೆ 34.57 ರೂಪಾಯಿ ದರದಲ್ಲಿ 127.909 ರೂಪಾಯಿ. ಹದಿನೈದು ದಿನದ ಮೂವತ್ತು ಹೊತ್ತನ್ನೂ ಹೀಗೇ ಕೂಡಿಸಿದರೆ 3837.27. ಡೇರಿಯವರು ಮಾತ್ರ ಪ್ರತಿ ಚೀಟಿಯಲ್ಲೂ 127.91 ಎಂದು ಬರೆಯುತ್ತಾರೆ, ಅವರ ಮೊತ್ತ 3837.30. ವ್ಯತ್ಯಾಸ ಮೂರೇ ಪೈಸೆ. ಆದರೆ ಪುಸ್ತಕಕ್ಕೂ ಪರದೆಗೂ ತಾಳೆಯಾಗದ ಲೆಕ್ಕವನ್ನು ಯಾವ ಕಾರ್ಯದರ್ಶಿಯೂ ಒಪ್ಪುವುದಿಲ್ಲ. ಈ ಎರಡು ಸಾಲು ಬರೆದವಳು ತನ್ನ ಪ್ರೋಗ್ರಾಮನ್ನು ನಿಜವಾದ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದ್ದಾಳೆ. ನನ್ನ ಮಟ್ಟಿಗೆ ಹತ್ತು ಹೊಳೆಯುವ ಪುಟಗಳಿಗಿಂತ ಇದು ಹೆಚ್ಚು ತೂಕದ್ದು.

ಹಾಗೆಂದು ಇತಿಹಾಸವನ್ನೂ ಕಣ್ಣುಮುಚ್ಚಿ ನಂಬಬೇಡಿ. ಕಮಿಟ್‌ನ ತಾರೀಖನ್ನು `--date` ಎಂದು ಕೊಟ್ಟು ಬೇಕಾದ ಹಾಗೆ ಬರೆಯಬಹುದು, ಹೆಸರು ಮತ್ತು ಇಮೇಲ್ ಕೂಡ ಬರೆಯುವವರ ಕೈಯಲ್ಲೇ ಇವೆ. ಪ್ರೊಫೈಲಿನಲ್ಲಿ ಕಾಣುವ ಹಸಿರು ಚೌಕಗಳನ್ನು ಒಂದು ಮಧ್ಯಾಹ್ನದಲ್ಲಿ ತುಂಬಿಸಿಬಿಡಬಹುದು. ಬೇರೆಯವರ ಯೋಜನೆಗಳಿಗೆ ಕಳಿಸಿದ ತಿದ್ದುಪಡಿಗಳ ಎಣಿಕೆಯ ಕಥೆಯೂ ಅಷ್ಟೆ. 2020ರ ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತೇನೆಂದಾಗ, ಒಂದೆರಡು ಪದ ಸೇರಿಸಿದ ಪೊಳ್ಳು ತಿದ್ದುಪಡಿಗಳ ಪ್ರವಾಹವೇ ಹರಿಯಿತು. ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಕಳಿಸಿದ್ದನ್ನು ಮಾತ್ರ ಎಣಿಸುತ್ತೇವೆ ಎಂದು ಆಯೋಜಕರು ತಿಂಗಳ ನಡುವೆಯೇ ನಿಯಮ ಬದಲಿಸಬೇಕಾಯಿತು.

ಇತ್ತ ಆನ್‌ಲೈನ್ ಅಂಗಡಿಯ ಇತಿಹಾಸದಲ್ಲಿ ಇರುವುದು ಒಂದೇ ಕಮಿಟ್, ಸಾವಿರಾರು ಸಾಲು, ಟಿಪ್ಪಣಿ `first commit`. ಕದ್ದದ್ದು ಎಂದು ತೀರ್ಮಾನಿಸುವ ಮುನ್ನ ತಾಳ್ಮೆ ಇರಲಿ. ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡಿ, ಪೆನ್‌ಡ್ರೈವ್‌ನಲ್ಲಿ ಹೊತ್ತು ತಂದು, ಕೊನೆಗೆ ಒಟ್ಟಿಗೇ ಅಪ್‌ಲೋಡ್ ಮಾಡುವವರು ಎಷ್ಟೋ ಮಂದಿ. ಯೂಟ್ಯೂಬ್ ಪಾಠ ನೋಡಿ ಕಟ್ಟಿದರೂ ತಪ್ಪಿಲ್ಲ, ಅದನ್ನು ಹೇಳಿಕೊಂಡರಾಯಿತು. ತಿಳಿಯಬೇಕಾದದ್ದು ಬೇರೆ: ಕೊನೆಯ ಒಂದೇ ಒಂದು ವಸ್ತುವನ್ನು ಇಬ್ಬರು ಒಟ್ಟಿಗೆ ಕೊಂಡರೆ ಈ ಅಂಗಡಿ ಏನು ಮಾಡುತ್ತದೆ? ಉತ್ತರ ಗೊತ್ತಿಲ್ಲದಿದ್ದರೂ ಅದನ್ನು ಯಾವ ಕಡತದಲ್ಲಿ ಹುಡುಕಬೇಕು ಎಂದು ತೋರಿಸಿದರೆ ಆ ಕೋಡ್ ಅವನ ಕೈಯಲ್ಲಿ ಓಡಾಡಿದೆ ಎಂದು ಅರ್ಥ. ಕಡತಗಳ ನಡುವೆ ದಾರಿ ತಪ್ಪಿ ನಿಂತರೆ, ಪುಟ ಎಷ್ಟೇ ಹೊಳೆದರೂ ಅದನ್ನು ಅವನ ಲೆಕ್ಕಕ್ಕೆ ಹಿಡಿಯಲಾಗದು.

ಡೇರಿಯ ಹುಡುಗಿಗೂ ಇದೇ ಪರೀಕ್ಷೆ. ಅವಳ ಪ್ರೋಗ್ರಾಮಿನಲ್ಲಿ ದರ ಎನ್ನುವುದು ಒಂದೇ ಕಡೆ, ಒಂದೇ ಸಂಖ್ಯೆಯಾಗಿ ಕೂತಿದೆ. "ಹನ್ನೊಂದನೇ ತಾರೀಖಿನಿಂದ ದರ ಎರಡು ರೂಪಾಯಿ ಏರಿತು ಅಂದ್ಕೊಳ್ಳಿ. ಏನು ಬದಲಾಯಿಸ್ತೀರಿ?" ಎಂದು ಕೇಳಿ, ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಬೇಕು.

"ಈ ಒಂದು ನಂಬರ್ ಬದಲಾಯಿಸಿದ್ರೆ ಸಾಕು ಸರ್" ಎನ್ನುತ್ತಾಳೆ ಮೊದಲು. ಬದಲಾಯಿಸಿ ಓಡಿಸುತ್ತಾಳೆ. ಆಮೇಲೆ, "ಇಲ್ಲ ಸರ್, ಒಂದರಿಂದ ಹತ್ತರವರೆಗಿನ ಹಾಲಿಗೂ ಹೊಸ ದರವೇ ಬೀಳ್ತಿದೆ. ಹಳೇ ಬಟವಾಡೆ ಮತ್ತೆ ತೆಗೆದ್ರೂ ಮೊತ್ತ ಬೇರೆ ಬರುತ್ತೆ." ಯಾವ ದರ ಯಾವ ದಿನದಿಂದ ಎಂಬ ಪಟ್ಟಿ ಬೇಕು, ಹಾಲು ಅಳೆದಾಗಲೇ ಆ ದಿನದ ದರವನ್ನೂ ಜೊತೆಗೆ ಬರೆದಿಡಬೇಕು ಎಂಬಲ್ಲಿಗೆ ಅವಳು ಬಂದು ಮುಟ್ಟಿದರೆ, ಅರ್ಧ ಗಂಟೆಯಲ್ಲಿ ಕೋಡ್ ಪೂರ್ತಿಯಾಗದಿದ್ದರೂ ಚಿಂತೆಯಿಲ್ಲ. ಮೊದಲ ಉತ್ತರ ತಪ್ಪಾಗಿತ್ತೆಂದು ಅಂಕ ಕಳೆಯುವುದು ಅವಿವೇಕ. ಓಡಿಸಿ ನೋಡಿದಳು, ತಪ್ಪನ್ನು ತಾನೇ ಹಿಡಿದಳು, ಅದೇ ಅಂಕ ಕೊಡಬೇಕಾದ ಜಾಗ. ಇಂಥ ಅಂಶಗಳನ್ನು ಸಂದರ್ಶನಕ್ಕೆ ಮೊದಲೇ ಬರೆದಿಟ್ಟುಕೊಂಡು, ಇಬ್ಬರು ಸಂದರ್ಶಕರೂ ಪರಸ್ಪರ ಮಾತಾಡುವ ಮುನ್ನವೇ ಅಂಕ ಹಾಕಿಬಿಟ್ಟರೆ ಒಬ್ಬರ ಅಭಿಪ್ರಾಯ ಇನ್ನೊಬ್ಬರನ್ನು ಎಳೆಯುವುದಿಲ್ಲ.

ಇಷ್ಟಾದರೂ ಅವಳ ಬಗ್ಗೆ ಗೊತ್ತಾಗದ್ದು ಒಂದಿದೆ. ಒಬ್ಬಳೇ ಕೂತು ಬರೆದ ಪ್ರೋಗ್ರಾಂ, ಬೇರೆಯವರು ಬರೆದಿಟ್ಟು ಹೋದ ಹಳೆಯ ಕೋಡನ್ನು ಓದಿ ತಿದ್ದಬಲ್ಲಳೇ ಎಂಬುದನ್ನು ಹೇಳುವುದಿಲ್ಲ. ಕಂಪನಿಯಲ್ಲಿ ದಿನವೂ ಮಾಡಬೇಕಾದದ್ದು ಬಹುಪಾಲು ಅದನ್ನೇ. ಯಾರದೋ ಯೋಜನೆಗೆ ಕಳಿಸಿದ ಒಂದು ಸಣ್ಣ ತಿದ್ದುಪಡಿ, ಅದರ ಕೆಳಗೆ ಅಲ್ಲಿಯವರು ಎತ್ತಿದ ಆಕ್ಷೇಪ, ಅದಕ್ಕೆ ಅಭ್ಯರ್ಥಿ ಕೊಟ್ಟ ಉತ್ತರ ಸಿಕ್ಕಿದರೆ ಅದನ್ನು ಪೂರ್ತಿ ಓದಬೇಕು. ಸಿಗದಿದ್ದರೆ ಆ ಜಾಗವನ್ನು "ತಿಳಿಯಲಿಲ್ಲ" ಎಂದೇ ಬರೆಯಬೇಕು, "ಬರುವುದಿಲ್ಲ" ಎಂದಲ್ಲ.

ಲಿಂಕೇ ಇಲ್ಲದ ರೆಸ್ಯೂಮೆಗೂ ಇದೇ ಮಾತು. ಕಾಲೇಜು ಮುಗಿಸಿ ಸಂಜೆ ಅಂಗಡಿಯಲ್ಲಿ ದುಡಿದವನಿಗೆ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡವಳಿಗೆ ರಾತ್ರಿ ಕೂತು ಪ್ರಾಜೆಕ್ಟ್ ಕಟ್ಟುವ ಬಿಡುವು ಎಲ್ಲಿಂದ ಬರಬೇಕು? ಅಂಥವರಿಗೆ ಕಂಪನಿಯೇ ಒಂದು ಸಣ್ಣ ಪ್ರೋಗ್ರಾಂ ಕೊಡಲಿ, ಅದನ್ನು ಓದಿಕೊಳ್ಳಲು ಅರ್ಧ ಗಂಟೆ ಹೆಚ್ಚಿಗೆ ಕೊಡಲಿ, ಆಮೇಲೆ ಇಂಥದೇ ಒಂದು ಬದಲಾವಣೆ ಕೇಳಲಿ. ಅಂಕದ ಹಾಳೆ ಎಲ್ಲರಿಗೂ ಒಂದೇ.